ಬಾಮೈದನಿಗೆ ಬಂದ ‘ಐಆರ್‌ಎಸ್’ ಫೋನು

ಕಳೆದ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ನನ್ನ ಬಾಮೈದನಿಂದ ಮೆಸೇಜ್ ಬಂತು. “ಭಾವ, ನನ್ನ ಐ-797 ಸ್ಕ್ಯಾನ್ ತಕ್ಷಣ ಕಳ್ಸಿ. ಅರ್ಜೆಂಟ್.” ಅವನು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್, ಎಚ್-1ಬಿಗೆ ಬಂದು ಎರಡನೇ ವರ್ಷ. ಕಾಗದಪತ್ರಗಳ ಒಂದು ಪ್ರತಿ ಅವರಕ್ಕನ ಹತ್ತಿರ, ಅಂದರೆ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿರುತ್ತದೆ.

ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. “ಮಾತಾಡೋಕಾಗಲ್ಲ, ಐಆರ್‌ಎಸ್ ಆಫೀಸರ್ ಲೈನಲ್ಲಿದಾರೆ” ಅಂತ ಬರೆದ.

ನನಗೆ ಅಲ್ಲೇ ಎಡವಟ್ಟು ಅನಿಸಿತು. ಐಆರ್‌ಎಸ್ ಅಂದರೆ ಅಮೆರಿಕದ ತೆರಿಗೆ ಇಲಾಖೆ. ಐ-797 ಎಚ್-1ಬಿ ಅರ್ಜಿ ಮಂಜೂರಾದ ಪತ್ರ, ಅದನ್ನು ಕೊಡುವುದು ವಲಸೆ ಅರ್ಜಿ ನೋಡುವ ಯುಎಸ್‌ಸಿಐಎಸ್. ಪಾಸ್‌ಪೋರ್ಟಿಗೆ ವೀಸಾ ಅಂಟಿಸುವುದು ಕಾನ್ಸುಲೇಟು. ತೆರಿಗೆ ಬಾಕಿಯಿದೆ ಅಂತ ಐಆರ್‌ಎಸ್‌ನವರು ಫೋನಿನಲ್ಲೇ ಯಾರ ವೀಸಾವನ್ನೂ ರದ್ದು ಮಾಡಲಾರರು.

ಇಷ್ಟು ಓದಿದ ಹುಡುಗ ಹೇಗೆ ನಂಬಿದ ಅಂತ ನಗಬೇಡಿ. ಕರೆ ಮಾಡಿದವನು ಮೊದಲು ಹೇಳಿದ್ದು ವೀಸಾ ವಿಷಯವನ್ನಲ್ಲ. “ನೀವು ಹೊರದೇಶದ ಆದಾಯ ತೋರಿಸಿಲ್ಲ” ಅಂದನಂತೆ. ಬಾಮೈದನ ಹೆಸರಲ್ಲಿ ನಮ್ಮ ಮಾವ ಊರಲ್ಲಿ ಒಂದು ಎಫ್‌ಡಿ ಇಟ್ಟಿದ್ದಾರೆ. ಅದರ ಬಡ್ಡಿಯನ್ನು ಇವನು ನಿಜವಾಗಿಯೂ ರಿಟರ್ನ್‌ನಲ್ಲಿ ತೋರಿಸಿರಲಿಲ್ಲ. ಆ ಮೋಸಗಾರನಿಗೆ ಎಫ್‌ಡಿ ಗೊತ್ತಿರಲಿಲ್ಲ, ಸುಮ್ನೆ ಕತ್ತಲಲ್ಲಿ ಕಲ್ಲು ಹೊಡೆದಿದ್ದ. ಆದರೆ ನಮ್ಮಲ್ಲಿ ಎಷ್ಟು ಜನರಿಗೆ ಇಂಥದ್ದೊಂದು ಮರೆತುಹೋದ ಎಫ್‌ಡಿ ಇರಲ್ಲ ಹೇಳಿ? ಕಲ್ಲು ತಾಗಿತು.

ಆಮೇಲೆ ಎಲ್ಲ ಸರಾಗ. “ಬಂಧನದ ವಾರಂಟ್ ಇದೆ, ಎಚ್-1ಬಿ ರದ್ದಾಗುತ್ತದೆ, ಇವತ್ತು ಸಂಜೆಯೊಳಗೆ 2,000 ಡಾಲರ್ ಕಟ್ಟಿದರೆ ತಡೆಯಬಹುದು.” ಕರೆ ಕಟ್ ಮಾಡಬಾರದು, ಯಾರಿಗೂ ಹೇಳಬಾರದು. ಇವನು ಅನುಮಾನಪಟ್ಟಾಗ ಎರಡನೇ ಕರೆ ಬಂತು, ಪರದೆ ಮೇಲೆ ಡಲ್ಲಾಸ್ ಪೊಲೀಸ್ ಠಾಣೆಯದೇ ನಂಬರ್! ಗೂಗಲ್ ಮಾಡಿ ನೋಡಿದ, ಸರಿಹೋಯಿತು. ಪರದೆ ಮೇಲೆ ಯಾವ ನಂಬರ್ ಬೇಕಾದರೂ ಬರುವಂತೆ ಮಾಡಬಹುದು ಅನ್ನುವುದು, ಕೋಡ್ ಬರೆಯುವವನಿಗೇ, ಆ ಗಾಬರಿಯಲ್ಲಿ ಹೊಳೆಯಲಿಲ್ಲ.

ನಾನು ಮೆಸೇಜ್ ಮಾಡುವ ಹೊತ್ತಿಗೆ ಅವನು ಅಂಗಡಿಯಲ್ಲಿದ್ದ. ಫೋನು ಅಂಗಿ ಜೇಬಿನಲ್ಲಿ, ಸ್ಪೀಕರ್ ಆನ್, ಕೈಯಲ್ಲಿ 500 ಡಾಲರ್‌ನ ನಾಲ್ಕು ಗಿಫ್ಟ್ ಕಾರ್ಡ್. ಒಂದರ ಹಿಂಬದಿ ಕೆರೆದು ನಂಬರ್ ಓದಿಯೂ ಆಗಿತ್ತು. ನಾನು ಬರೆದೆ: “ತೆರಿಗೆ ಆಫೀಸಿಗೆ ಐ-797 ಯಾಕೆ ಬೇಕು? ಗೌರ್ಮೆಂಟು ಗಿಫ್ಟ್ ಕಾರ್ಡ್ ತಗೊಳ್ಳುತ್ತಾ? ಅವನನ್ನೇ ಕೇಳು.” ಕೇಳಿದ. ಅಲ್ಲಿಯವರೆಗೆ ಸರ್ ಸರ್ ಅನ್ನುತ್ತಿದ್ದ ಆ ‘ಆಫೀಸರ್’ ಕಿರುಚಾಡಲು ಶುರುಮಾಡಿದನಂತೆ. ಆಗ ಇವನು ಕಟ್ ಮಾಡಿದ.

ರಸೀದಿ ಹಿಡಿದು ಕಾರ್ಡ್ ಕಂಪನಿಗೆ ಫೋನ್ ಮಾಡಿದೆವು. ಮೊದಲ ಕಾರ್ಡ್ ಆಗಲೇ ಖಾಲಿ. ಕೆರೆಯದೆ ಉಳಿದ ಮೂರು ಕಾರ್ಡಿನ ಪುಣ್ಯದಿಂದ ಆ ವರ್ಷವೆಲ್ಲ ನನ್ನ ಮಕ್ಕಳಿಗೆ ಮಾವನ ಉಡುಗೊರೆಗೆ ಬರವಿರಲಿಲ್ಲ.

500 ಡಾಲರ್‌ಗಿಂತ ನನಗೆ ಜಾಸ್ತಿ ಚಿಂತೆಯಾದದ್ದು ಬೇರೆ. ‘ದೃಢಪಡಿಸಲು’ ಅಂತ ಅವರು ಕೇಳಿದಾಗ ಇವನು ಸೋಷಿಯಲ್ ಸೆಕ್ಯೂರಿಟಿ ನಂಬರ್ ಪೂರ್ತಿ ಹೇಳಿಬಿಟ್ಟಿದ್ದ. ದುಡ್ಡು ಒಂದು ಸಲ ಹೋಗುತ್ತದೆ, ಆ ನಂಬರ್ ಸುಲಭಕ್ಕೆ ಬದಲಾಗುವುದಿಲ್ಲ. ಅವನ ಹೆಸರಲ್ಲಿ ಬೇರೆಯವರು ಸಾಲ ಎತ್ತದಂತೆ ಅವತ್ತು ರಾತ್ರಿಯೇ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಸಿದೆವು. 2018ರಿಂದ ಅದಕ್ಕೆ ಶುಲ್ಕವಿಲ್ಲ. ಮೂರೂ ಬೇರೆ ಬೇರೆ ಮಾಡಬೇಕು, ಒಂದು ಮಾಡಿದರೆ ಉಳಿದವು ಆಗುವುದಿಲ್ಲ. ಆಮೇಲೆ irs.gov ನಲ್ಲಿ ಅವನ ಅಕೌಂಟ್ ತೆರೆದೆವು. ಬಾಕಿ: ಸೊನ್ನೆ. ಅಲ್ಲೇ ಐಪಿ ಪಿನ್ ತೆಗೆದುಕೊಂಡೆವು. ಆರು ಅಂಕಿಯ ಈ ನಂಬರ್ ಇಲ್ಲದೆ ಅವನ ಹೆಸರಲ್ಲಿ ಬೇರೆಯವರು ರಿಟರ್ನ್ ಹಾಕಿ ರೀಫಂಡ್ ಹೊಡೆಯಲು ಆಗುವುದಿಲ್ಲ. ಪ್ರತಿ ವರ್ಷ ಹೊಸ ಪಿನ್ ಬರುತ್ತದೆ. ದೂರನ್ನು IdentityTheft.gov ನಲ್ಲಿ ದಾಖಲಿಸಿದೆವು.

ಇನ್ನು ಆ ಎಫ್‌ಡಿ. ಒಬ್ಬ ಸಿಪಿಎ ಹತ್ತಿರ ಹೋಗಿ ತಿದ್ದುಪಡಿ ರಿಟರ್ನ್, ಅಂದರೆ 1040-ಎಕ್ಸ್, ಹಾಕಿಸಿದ. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಅನ್ನುವ ಖಾತೆ ವಿವರದ ವರದಿಯನ್ನೂ ಕೊಡಬೇಕಿತ್ತು. ಅವನದು ಅಷ್ಟಿರಲಿಲ್ಲ.

ಕೆಲವು ತಿಂಗಳ ಮೇಲೆ ನಿಜವಾದ ಐಆರ್‌ಎಸ್ ಪತ್ರ ಬಂತು, ಅಂಚೆಯಲ್ಲಿ. ಲಕೋಟೆ ಒಡೆಯುವಾಗ ಕೈ ನಡುಗಿತಂತೆ. ಬಡ್ಡಿ ಬಾಕಿ 11 ಡಾಲರ್. ಕಟ್ಟಲು 21 ದಿನ ಕಾಲಾವಕಾಶ.