ಅಪ್‌ಡೇಟ್: ಅಮ್ಮನ ಸಿಟಿ ಸ್ಕ್ಯಾನ್ ಆಯ್ತು, ಬಿಲ್ ಲೆಕ್ಕ ಇಲ್ಲಿದೆ

ನಾನು ಕೇಳಿದ್ದು: "ಹಾಸನದಲ್ಲಿ ಹೊಟ್ಟೆ ಸಿಟಿಗೆ ಒಬ್ಬರು 4,000, ಇನ್ನೊಬ್ಬರು 6,500 ಅಂತಾರೆ. ಇಷ್ಟು ವ್ಯತ್ಯಾಸ ಯಾಕೆ?"

ಎರಡೂ ಒಂದೇ ಸ್ಕ್ಯಾನ್ ಆಗಿರಲಿಲ್ಲ. ಚೀಟಿಯಲ್ಲಿ ಇದ್ದದ್ದು ಸಿಇಸಿಟಿ, ಅಂದ್ರೆ ಡೈ ಕೊಟ್ಟು ಮಾಡುವುದು. ನಾನು ಫೋನಿನಲ್ಲಿ ಬರೀ "ಹೊಟ್ಟೆ ಸಿಟಿ" ಅಂದಿದ್ದೆ. ಮೊದಲನೆಯವರು ಡೈ ಇಲ್ಲದ ರೇಟ್ ಹೇಳಿದ್ದರು. ಚೀಟಿಯ ಫೋಟೋ ಕಳಿಸಿ ಅವರನ್ನೇ ಮತ್ತೆ ಕೇಳಿದೆ. ಆ 4,000ದ ಮೇಲೆ ಡೈ ಮತ್ತು ಸಿರಿಂಜ್‌ಗೆ 2,200, ಫಿಲಂಗೆ 500, ಕ್ರಿಯಾಟಿನಿನ್ ರಕ್ತಪರೀಕ್ಷೆಗೆ 200. ಒಟ್ಟು 6,900! ರಿಪೋರ್ಟ್ ರೇಟಿನಲ್ಲೇ ಸೇರಿದೆ, ಆದರೆ ಅದೇ ದಿನ ಬೇಕಂದ್ರೆ ಇನ್ನೂ 300 ಅಂದರು.

6,500 ಹೇಳಿದವರಲ್ಲಿ ಡೈ, ಫಿಲಂ, ಸಂಜೆಯೊಳಗೆ ರಿಪೋರ್ಟ್ ಎಲ್ಲಾ ಸೇರಿತ್ತು. ಅಲ್ಲೇ ಮಾಡಿಸಿದೆವು. ಡೈ ಕಿಡ್ನಿ ಮೂಲಕ ಹೊರಗೆ ಹೋಗುವುದರಿಂದ ಕ್ರಿಯಾಟಿನಿನ್ ನೋಡಲೇಬೇಕು, ಅದನ್ನು ಬಿಡಿ ಅಂತ ಕೇಳಬಾರದು. ಅಮ್ಮನದು ಹಿಂದಿನ ವಾರದ್ದೇ ಇತ್ತು, ತೋರಿಸಿದೆ, ಒಪ್ಪಿಕೊಂಡರು. ಫಿಲಂ ಬೇಕಾ ಅಂತ ನಮ್ಮ ಡಾಕ್ಟರ್‌ಗೆ ಮೊದಲೇ ಕೇಳಿದ್ದೆ. "ಸಿಡಿ ಸಾಕು, ಅದರಲ್ಲಿ ಎಲ್ಲಾ ಚಿತ್ರ ಇರುತ್ತೆ" ಅಂದಿದ್ದರು. ಫಿಲಂ ಬೇಡ ಅಂದಿದ್ದಕ್ಕೆ 300 ಇಳಿಸಿದರು. ಕೊಟ್ಟಿದ್ದು 6,200.

ಡೈ ಹೋಗುವಾಗ ಮೈಯೆಲ್ಲ ಬಿಸಿಯಾಯ್ತು ಅಂತ ಅಮ್ಮ ಗಾಬರಿಯಾಗಿದ್ದರು. ಅದು ಮಾಮೂಲಿ, ಒಂದು ನಿಮಿಷದಲ್ಲಿ ಹೋಯ್ತು.