‘ನಷ್ಟಭರ್ತಿ’ಯೋ ‘ಜಾಮೀನು’ವೋ? ಜೊತೆಗೆ ‘ಸಹವಿಸ್ತೃತ’ ಎಂಬ ತಲೆನೋವು

ಬಲ್ಲವರಲ್ಲಿ ವಿನಂತಿ. ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ಸಾಲಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಳೆಯ ಪ್ರತಿಯ ನೆತ್ತಿಯ ಮೇಲೆ ‘ನಷ್ಟಭರ್ತಿ ಪತ್ರ’ ಎಂದಿದೆ. ಒಳಗೆ ‘ಸಾಲಗಾರರು ಕೊಡದಿದ್ದಲ್ಲಿ ನಾನು ಕೊಡುತ್ತೇನೆ’ ಎಂದಿದೆ. ತಲೆಗೂ ಮುಂಡಕ್ಕೂ ಹೊಂದುತ್ತಿಲ್ಲ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯೊಂದಿಗೆ ‘ಸಹವಿಸ್ತೃತ’ ಎಂಬ ಮಾತು ಬೇರೆ. ಮೆಕ್ಕೆಜೋಳದ ವ್ಯಾಪಾರಿ ಇದನ್ನು ಓದಿ ಸಹಿ ಹಾಕಬೇಕು!

ಹಿರಿಯೂರಿನ ನಿವೃತ್ತ ಮೇಷ್ಟ್ರು: ‘ಹೊಣೆ’ ಅಚ್ಚಗನ್ನಡ, ಅದನ್ನೇ ಇಡಿ. ಆದರೆ ಜಾಮೀನುದಾರನದು ‘ಉಪಹೊಣೆ’ ಅಲ್ಲವೇ? ಸಾಲಗಾರನ ಆಸ್ತಿ ಹರಾಜಾಗಿ, ಅದೂ ಸಾಲದೆ ಹೋದಾಗ ಮಾತ್ರ ಇವನ ಬಾಗಿಲಿಗೆ ಬರಬೇಕು.

ಚಿತ್ರದುರ್ಗದ ವಕೀಲರು: ಮೇಷ್ಟ್ರೇ, ಅರ್ಧ ಸರಿ. ಸಾಲಗಾರ ತಪ್ಪಿದ ಮೇಲೆಯೇ ಜಾಮೀನುದಾರನ ಹೊಣೆ ಎದ್ದು ನಿಲ್ಲುತ್ತದೆ, ನಿಜ. ಆದರೆ ತಪ್ಪಿದ ಮರುದಿನವೇ ಸಂಘ ನೇರವಾಗಿ ಇವನಿಗೆ ನೋಟಿಸು ಕೊಡಬಹುದು. ಮೊದಲು ಸಾಲಗಾರನನ್ನು ಹಿಂಡಿ ಬನ್ನಿ ಎನ್ನುವಂತಿಲ್ಲವೆಂದು ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ‘ಉಪಹೊಣೆ’ ಎಂದು ಅಚ್ಚಾದರೆ ಜನ ಮೋಸಹೋಗುತ್ತಾರೆ. ಕಟ್ಟಿದ ಮೇಲೆ ಅಷ್ಟನ್ನೂ ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಇವನಿಗಿದೆ. ವಸೂಲಾಗುವುದು ಬೇರೆ ಮಾತು.

ನಷ್ಟಭರ್ತಿಯಲ್ಲಿ ಇಬ್ಬರೇ. ‘ಈ ಟ್ರ್ಯಾಕ್ಟರು ಕೊಳ್ಳಿ, ಹಳೆಯ ಬಾಕಿಗೆಂದು ಯಾರಾದರೂ ನಿಮ್ಮಿಂದ ಹಣ ಕಿತ್ತರೆ ನಾನು ತುಂಬಿಕೊಡುತ್ತೇನೆ’ ಎಂದು ಮಾರುವವನು ಬರೆದುಕೊಟ್ಟರೆ ಅದು ನಷ್ಟಭರ್ತಿ. ಅಲ್ಲಿ ಅವನ ಮಾತೇ ಮೊದಲ ಮಾತು. ನಿಮ್ಮ ಪತ್ರದಲ್ಲಿ ಮೂರನೆಯವನೊಬ್ಬನ ಸಾಲ ಮೊದಲೇ ನಿಂತಿದೆ, ಅದಕ್ಕೆ ಇವನು ಆನಿಸಿಕೊಂಡಿದ್ದಾನೆ. ‘ಜಾಮೀನು ಪತ್ರ’ ಎನ್ನಿ.

ಚಳ್ಳಕೆರೆಯ ಓದುಗರು: ನನ್ನ ಅಳಿಯನಿಗೆ ಕೋರ್ಟಿನಲ್ಲಿ ಜಾಮೀನು ನಿಂತು ಪಹಣಿ ಕೊಟ್ಟಿದ್ದೇನೆ. ಹೆಸರು ತೆಗೆಸಬಹುದೇ?

ವಕೀಲರು: ಸ್ವಾಮಿ, ಅದು ಆರೋಪಿ ಹಾಜರಾಗುತ್ತಾನೆಂಬ ಜಾಮೀನು. ಪದ ಒಂದೇ, ಕಾನೂನು ಬೇರೆ. ಬಿಡುಗಡೆ ಬೇಕಿದ್ದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ.

ಕೇಳಿದವಳು: ‘ಸಹವಿಸ್ತೃತ’ಕ್ಕೆ ‘ಸಾಲಗಾರನಿಗಿರುವಷ್ಟೇ ಹೊಣೆ’ ಎಂದು ಬರೆಯಲೇ? ಈ ಪತ್ರದಲ್ಲಿ ಸಾಲ 2,00,000. ಜಾಮೀನು ‘1,00,000ದವರೆಗೆ’ ಎಂದಿದೆ.

ವಕೀಲರು: ಬರೆಯಿರಿ, ಮುಂದೆಯೇ ‘ಈ ಪತ್ರದಲ್ಲಿ ಬೇರೆ ಹೇಳಿರದಿದ್ದರೆ’ ಎಂದು ಸೇರಿಸಿ. 1872ರ ಕರಾರು ಕಾಯ್ದೆಯ 128ನೇ ಕಲಮಿನಲ್ಲೇ ಆ ಬಾಲವಿದೆ. ಸಾಲಗಾರ 60,000 ಕಟ್ಟಿ ಕೈಯೆತ್ತಿದನೆನ್ನಿ. ಬಡ್ಡಿ ಬಿಟ್ಟರೆ ಅವನ ಬಾಕಿ 1,40,000. ಇಡೀ ಸಾಲಕ್ಕೆ ನಿಂತು ಮಿತಿ ಹಾಕಿಕೊಂಡಿದ್ದರೆ ಜಾಮೀನುದಾರ ಕೊಡಬೇಕಾದ್ದು 1,00,000 ಮಾತ್ರ.

ಮೇಷ್ಟ್ರು: ‘1,00,000ಕ್ಕೆ ಜಾಮೀನು’ ಎಂದಿದ್ದರೆ? ಕಟ್ಟಿದ 60,000 ಆ ಒಂದು ಲಕ್ಷದಲ್ಲೇ ಕಳೆಯಿತು, ಉಳಿದದ್ದು 40,000 ಎಂದು ಅವನು ವಾದಿಸಬಹುದಲ್ಲ?

ವಕೀಲರು: ವಾದಿಸುತ್ತಾನೆ. ಇಡೀ ಸಾಲಕ್ಕೆ ನಿಂತು ಮಿತಿ ಹಾಕಿಕೊಂಡನೋ, ಸಾಲದ ಒಂದು ಪಾಲಿಗಷ್ಟೇ ನಿಂತನೋ ಎಂಬುದನ್ನು ಪತ್ರದ ಮಾತುಗಳಿಂದಲೇ ಹೆಕ್ಕಬೇಕು. ‘ವರೆಗೆ’ ಎಂಬ ಒಂದೇ ಪದದಿಂದ ನಾನು ತೀರ್ಪು ಹೇಳಲಾರೆ.

ಕೇಳಿದವಳು: ಸರಿ, ಆ ಸಾಲನ್ನು ಖಾಲಿ ಬಿಟ್ಟು ಸಂಘದವರನ್ನೇ ಕೇಳುತ್ತೇನೆ.