‘ಸ್ಪೂಫಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಧಾರವಾಡದಿಂದ

ಗೆಳೆಯರೆ, ಚಿನ್ನದ ವಾಯಿದೆ ವಹಿವಾಟಿನ, ಅಂದರೆ ಮುಂದೆ ಕೊಡುವ ಚಿನ್ನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ವ್ಯಾಪಾರದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಸ್ಪೂಫಿಂಗ್’ ಎಂಬಲ್ಲಿ ಪೆನ್ನು ನಿಂತಿದೆ. 2020ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು ಅಮೆರಿಕದಲ್ಲಿ ಸುಮಾರು 92 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತಲ್ಲ, ಆ ಪ್ರಕರಣದ ಮಾತು. ಸುಮ್ನೆ ‘ವಂಚನೆ’ ಎಂದರೆ ಎಲ್ಲ ಮೋಸಕ್ಕೂ ಹೊಂದುತ್ತದೆ. ‘ಹುಸಿ ಆರ್ಡರ್’ ಆದೀತೆ?

ಮಂಗಳೂರಿನಿಂದ

ಇದಕ್ಕೆ ‘ಮುಖವಾಡ ಕರೆ’ ಚೆನ್ನಾಗಿದೆ. ಹೋದ ತಿಂಗಳು ನನಗೇ ಬಂದಿತ್ತು. ನಂಬರ್ ಬ್ಯಾಂಕಿನದು, ಮಾತಾಡಿದವನು ಬೇರೆ!

ದಾವಣಗೆರೆಯಿಂದ

ಅದು ಫೋನಿನ ಸ್ಪೂಫಿಂಗ್, ಇವರು ಕೇಳಿದ್ದು ಬೇರೆ. ನಮ್ಮ ಮಾರ್ಕೆಟ್ಟಿನ ಹರಾಜಿನಲ್ಲಿ ಸವಾಲು ಕೂಗುತ್ತಾರೆ. ತಗೊಳ್ಳೋ ಮನಸ್ಸಿಲ್ಲದೆ ಕೂಗಿದರೆ ಅದು ‘ಹುಸಿ ಸವಾಲು’. ಈಗ ಮನುಷ್ಯರ ಬದಲು ಕಂಪ್ಯೂಟರ್ ಕೂಗುತ್ತದೆ, ಅಷ್ಟೇ. ಚಿನ್ನ ಈ ಪಾಟಿ ಏರಿದ್ದೂ ಅದಕ್ಕೇನೋ.

ಚಿಕಾಗೋದಿಂದ

ಪದ ಇಷ್ಟವಾಯಿತು, ವಿವರಣೆ ಅರ್ಧ ಸರಿ. ನಾನು ವಾಯಿದೆ ಮಾರುಕಟ್ಟೆಯಲ್ಲೇ ಕೆಲಸ ಮಾಡುವವನು. ನಡೆಯೋದು ಹೀಗೆ.

ಅಮೆರಿಕದ ವಾಯಿದೆ ಮಾರುಕಟ್ಟೆ ಕಾಮೆಕ್ಸ್‌ನಲ್ಲಿ ಚಿನ್ನದ ಒಂದು ಕಾಂಟ್ರ್ಯಾಕ್ಟ್ ಎಂದರೆ 100 ಔನ್ಸ್. ಬೆಲೆ ಔನ್ಸಿಗೆ ಹತ್ತು ಹತ್ತು ಸೆಂಟಿನ ಮೆಟ್ಟಿಲಲ್ಲಿ ಏರಿಳಿಯುತ್ತದೆ. ಒಬ್ಬನಿಗೆ 10 ಕಾಂಟ್ರ್ಯಾಕ್ಟ್ ಮಾರಬೇಕಿದೆ ಅನ್ನಿ. ಈಗಿನ ಬೆಲೆಗಿಂತ ಮೂರು ಮೆಟ್ಟಿಲು ಮೇಲೆ ಅದನ್ನು ಮಾರಲು ಇಡುತ್ತಾನೆ. ಆಮೇಲೆ ಕೆಳಗಡೆ, ತಟ್ಟನೆ ಕೈಗೂಡದ ಬೆಲೆಯಲ್ಲಿ, 200 ಕಾಂಟ್ರ್ಯಾಕ್ಟ್ ಕೊಳ್ಳುತ್ತೇನೆಂದು ಹಾಕುತ್ತಾನೆ. ಕೊಳ್ಳುವವರ ಸಾಲು ಉದ್ದವಾದದ್ದನ್ನು, ತಾವಾಗಿಯೇ ಕೊಂಡು ಮಾರುವ ಅತಿವೇಗದ ಕಂಪ್ಯೂಟರ್ ಪ್ರೋಗ್ರಾಮ್‌ಗಳು ನೋಡುತ್ತವೆ. ಬೆಲೆ ಏರುತ್ತದೆ ಅಂದುಕೊಂಡು ತಾವೇ ಮೊದಲು ಕೊಳ್ಳುತ್ತವೆ. ಇವನ 10 ಮಾರಾಟವಾಗುತ್ತದೆ, ಮರುಕ್ಷಣ ಆ 200 ಮಾಯ.

ಅಂದರೆ ಜೆಪಿ ಮಾರ್ಗನ್ ಪ್ರಕರಣದಲ್ಲಿ ಹುಸಿ ಕೂಗಿದವರು ಕೈಯಿಂದ ಕ್ಲಿಕ್ ಮಾಡುತ್ತಿದ್ದ ಮನುಷ್ಯರು. ಬೇಸ್ತು ಬಿದ್ದದ್ದು ಕಂಪ್ಯೂಟರ್‌ಗಳು! ಆ ಬ್ಯಾಂಕಿನ ಇಬ್ಬರು ಟ್ರೇಡರ್‌ಗಳನ್ನು 2022ರಲ್ಲಿ ಇಲ್ಲಿನ ಜ್ಯೂರಿ ತಪ್ಪಿತಸ್ಥರೆಂದಿತು. ಹಾಗಾಗಿ ಪದದಲ್ಲಿ ‘ಯಂತ್ರ’ ತರಬೇಡಿ.

ಹುಬ್ಬಳ್ಳಿಯಿಂದ

ಮಗಳ ಮದುವೆಗೆ ಬಂಗಾರ ತರಲು ಹೋಗಿದ್ದೆ. ಬೆಳಿಗ್ಗೆ ಅಂಗಡಿಯವರು ವಾಟ್ಸಾಪಿನಲ್ಲಿ ಕಳಿಸಿದ ದರಕ್ಕೂ ಮಧ್ಯಾಹ್ನದ ಬಿಲ್ಲಿಗೂ ಗ್ರಾಮಿಗೆ 40 ರೂಪಾಯಿ ಜಾಸ್ತಿ. ಇದೂ ಸ್ಪೂಫಿಂಗೇ ಅಲ್ವಾ?

ಚಿಕಾಗೋದಿಂದ

ಅಲ್ಲ ಅಕ್ಕಾ, ಲೆಕ್ಕ ಹಾಕಿ ನೋಡೋಣ. ಮೇಲಿನ ಮೂರು ಮೆಟ್ಟಿಲು ಎಂದರೆ ಔನ್ಸಿಗೆ 30 ಸೆಂಟು. ಔನ್ಸಿಗೆ 31.1 ಗ್ರಾಮು. ಡಾಲರಿಗೆ 85 ರೂಪಾಯಿ ಹಿಡಿದರೆ ಗ್ರಾಮಿಗೆ ಸುಮಾರು 80 ಪೈಸೆ ಆಯಿತು. ಅದೂ ಕೆಲವು ಕ್ಷಣದ ಮಾತು. ನಿಮ್ಮ 40 ರೂಪಾಯಿ ಬರಬೇಕಾದರೆ ಔನ್ಸಿಗೆ 14–15 ಡಾಲರ್ ಏರಬೇಕು, ಇಲ್ಲವೇ ರೂಪಾಯಿ ಇಳಿಯಬೇಕು. ಅದು ದಿನದ ಸಾಮಾನ್ಯ ಏರಿಳಿತ. ಅಂಗಡಿಯ ಬೋರ್ಡು ಕ್ಷಣಕ್ಷಣಕ್ಕೂ ಬದಲಾಗುವುದಿಲ್ಲ, ಹಾಗಾಗಿ ಬದಲಾದಾಗ ಒಟ್ಟಿಗೇ ಜಿಗಿಯುತ್ತದೆ. ಮಜೂರಿ ಶೇ. 10 ಇದ್ದರೆ ಅದರ ಮುಂದೆ 80 ಪೈಸೆ ಎಲ್ಲಿಯ ಲೆಕ್ಕ?

ಅತಿವೇಗದ ವಹಿವಾಟು ನಿಮ್ಮನ್ನು ಮುಟ್ಟುವ ದಾರಿ ಬೇರೆ. ಇಲ್ಲಿ ಬೆಲೆ ಅಲ್ಲಾಡಿದರೆ ಮುಂಬೈಯ ವಾಯಿದೆ ಮಾರುಕಟ್ಟೆ ಎಂಸಿಎಕ್ಸ್ ಅದೇ ಗಳಿಗೆಯಲ್ಲಿ ಅಲ್ಲಾಡುತ್ತದೆ, ಯಾಕೆಂದರೆ ಎರಡರ ನಡುವಿನ ವ್ಯತ್ಯಾಸದಲ್ಲಿ ಲಾಭ ಹೊಡೆಯಲು ಈ ಪ್ರೋಗ್ರಾಮ್‌ಗಳು ಕಾದು ಕೂತಿರುತ್ತವೆ. ದಿಢೀರ್ ಕುಸಿತ ಬಂದಾಗ ಮಾತ್ರ ಅವು ಆರ್ಡರ್ ಹಿಂದಕ್ಕೆ ಎಳೆದುಕೊಂಡು ಬಿಡುತ್ತವೆ, ಆಗ ಗುಂಡಿ ಇನ್ನೂ ಆಳವಾಗುತ್ತದೆ. 2014ರ ಜನವರಿ 6ರಂದು ಚಿನ್ನ ದಿಢೀರ್ ಬಿದ್ದು, ಕಾಮೆಕ್ಸ್ ವಹಿವಾಟನ್ನು 10 ಸೆಕೆಂಡ್ ನಿಲ್ಲಿಸಬೇಕಾಯಿತು.

ಹುಬ್ಬಳ್ಳಿಯಿಂದ

ಇರಲಿ. ಆದರೂ ಬೋರ್ಡು ಏರುವಾಗ ಓಡುತ್ತದೆ, ಇಳಿಯುವಾಗ ಕುಂಟುತ್ತದೆ.

ಮೈಸೂರಿನಿಂದ

ನನಗೊಂದು ತಕರಾರಿದೆ. ಹರಾಜಿನಲ್ಲಿ ಕೂಗಿದವನು ಕೂಗಿಗೆ ಕಟ್ಟುಬಿದ್ದ ಎಂದೇ ಜನ ತಿಳಿಯುತ್ತಾರೆ. ಇಲ್ಲಿ ಹಿಂದೆಗೆಯಬಹುದು. ‘ಸವಾಲು’ ಎಂದರೆ ಓದುಗರು ಆ ಕಟ್ಟನ್ನೂ ಎಣಿಸಿಕೊಳ್ಳುತ್ತಾರೆ. ‘ಕೂಗಿ ಹಿಂದೆಗೆತ’ ಎನ್ನಬಾರದೇ?

ಚಿಕಾಗೋದಿಂದ

ಹಾಗೆಂದರೆ ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಆರ್ಡರ್ ಹಿಂದೆಗೆಯುವುದು ತಪ್ಪಲ್ಲ. ಅತಿವೇಗದವರು ಹಾಕುವ ಆರ್ಡರ್‌ಗಳಲ್ಲಿ ಬಹುಪಾಲು ರದ್ದೇ ಆಗುತ್ತವೆ, ಬೆಲೆ ಬದಲಾದಂತೆ ಅವರೂ ಬದಲಿಸುತ್ತಾರೆ. 2010ರ ಅಮೆರಿಕದ ಕಾನೂನು ಹೇಳುವುದು ಹಾಕುವಾಗಲೇ ರದ್ದು ಮಾಡುವ ಉದ್ದೇಶ ಇದ್ದರೆ ತಪ್ಪು ಎಂದು. ಆ ಉದ್ದೇಶ ‘ಹುಸಿ’ಯಲ್ಲಿದೆ, ‘ಹಿಂದೆಗೆತ’ದಲ್ಲಿಲ್ಲ. ಕೋರ್ಟಿನಲ್ಲೂ ಕಷ್ಟ ಅದೇ. ಒಂದು ರದ್ದನ್ನು ನೋಡಿ ಏನೂ ಹೇಳಲಾಗದು. ಒಂದು ಕಡೆ ಸಣ್ಣದು ಮಾರಾಟ, ಇನ್ನೊಂದು ಕಡೆ ದೊಡ್ಡದು ಮಾಯ, ಇದು ಮತ್ತೆ ಮತ್ತೆ ಕಂಡರೆ ಆಗ ಗುಮಾನಿ.

ಧಾರವಾಡದಿಂದ

‘ಹುಸಿ ಸವಾಲು’ ಎಂದು ಕರಡಿನಲ್ಲಿ ಹಾಕಿದ್ದೇನೆ, ಮೈಸೂರಿನವರ ತಕರಾರು ಇನ್ನೂ ಕೊರೆಯುತ್ತಿದೆ. ಮಾಡುವವನನ್ನು ಏನನ್ನಲಿ? ‘ಹುಸಿಗಾರ’ ಎಂದರೆ ಬರೀ ಸುಳ್ಳುಗಾರ ಆಗಿಬಿಡುತ್ತಾನೆ.